ಕಾಶಿಗೆ ಹೊರಟ ಹಿರಿಯರ ಔಷಧದ ಚೀಲ

ದೀರ್ಘಕಾಲದ ಕಾಯಿಲೆಯಿರುವ ಹಿರಿಯರು ದೂರದ ಊರಿಗೆ ಹೊರಟಾಗ ಮೂರನ್ನು ಜೊತೆಗೆ ಒಯ್ಯಬೇಕು: ಸಾಕಷ್ಟು ಔಷಧ, ಕಾಯಿಲೆಯ ಕಾಗದಪತ್ರ ಮತ್ತು ವೈದ್ಯರ ಫೋನ್ ಸಂಖ್ಯೆ. ಹುಬ್ಬಳ್ಳಿಯಿಂದ ಕಾಶಿಗೆ ರೈಲಿನಲ್ಲಿ ಹೋಗಿ 12 ದಿನಕ್ಕೆ ಮರಳುವ 72 ವರ್ಷದವರೊಬ್ಬರ ಸಿದ್ಧತೆಯನ್ನು ಉದಾಹರಣೆಯಾಗಿ ನೋಡಬಹುದು. ಅವರಿಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಇವೆ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದೆ. ಬೆಳಿಗ್ಗೆ 20, ರಾತ್ರಿ 12 ಯೂನಿಟ್ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ.

ಮೊದಲನೆಯದು ಲೆಕ್ಕ. ರೈಲು ತಡವಾಗಬಹುದು, ವಾಸ್ತವ್ಯ ಒಂದೆರಡು ದಿನ ಹೆಚ್ಚಬಹುದು. ಆದ್ದರಿಂದ 12 ದಿನಕ್ಕೆ ಇನ್ನೂ 5 ದಿನ ಸೇರಿಸಿ 17 ದಿನದ ಔಷಧ ಕಟ್ಟಿಕೊಳ್ಳಬೇಕು. ದಿನಕ್ಕೆ 32 ಯೂನಿಟ್‌ನಂತೆ 544 ಯೂನಿಟ್ ಇನ್ಸುಲಿನ್ ಬೇಕಾಗುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ 10 ಮಿಲಿಲೀಟರ್ ಬಾಟಲಿಯಲ್ಲಿ, ಮಿಲಿಲೀಟರಿಗೆ 40ರಂತೆ, 400 ಯೂನಿಟ್ ಇರುತ್ತದೆ. ಹಾಗಾಗಿ ಒಂದು ಬಾಟಲಿ ಸಾಲದು, ಎರಡು ಬೇಕು. ಮಾತ್ರೆಗಳನ್ನು ಹೆಸರು, ಅವಧಿ ಕಾಣುವಂತೆ ಅವುಗಳ ಸ್ಟ್ರಿಪ್‌ನಲ್ಲಿಯೇ ಇಟ್ಟು, ಎರಡು ಪಾಲು ಮಾಡಿ ಎರಡು ಚೀಲಗಳಲ್ಲಿ ಹಾಕಿದರೆ ಒಂದು ಚೀಲ ಕಳೆದರೂ ಇನ್ನೊಂದು ಉಳಿಯುತ್ತದೆ. ಸ್ಟೆಂಟ್ ಇರುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ಹೆಪ್ಪುಗಟ್ಟಿ ಹೃದಯಾಘಾತವಾಗುವ ಅಪಾಯವಿದೆ.

ಸಿರಿಂಜುಗಳನ್ನೂ ಮನೆಯಿಂದಲೇ ಒಯ್ಯುವುದು ಕ್ಷೇಮ. ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಬರುತ್ತದೆ. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಪರಊರಿನಲ್ಲಿ ಅವಸರಕ್ಕೆ 100ರ ಬಾಟಲಿ ಕೊಂಡು ಹಳೆಯ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ, ಮೈಗೆ ಸೇರುವುದು 20 ಅಲ್ಲ, 50 ಯೂನಿಟ್. ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಲು ಅಷ್ಟು ಸಾಕು.

ಬಳಸದ ಬಾಟಲಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ತೆರೆದ ಬಾಟಲಿಯನ್ನು ಹೆಚ್ಚು ಬಿಸಿ ತಾಗದಂತೆ ಹೊರಗೇ ಇಟ್ಟು ಸುಮಾರು 4 ವಾರ ಬಳಸಬಹುದು. ನಿಖರವಾದ ಮಿತಿ ಬಾಟಲಿಯ ಜೊತೆಗಿನ ಹಾಳೆಯಲ್ಲಿರುತ್ತದೆ. ಅಗಲ ಬಾಯಿಯ ಥರ್ಮಸ್‌ನಲ್ಲಿ ತಳಕ್ಕೆ ಐಸ್ ಹಾಕಿ, ಮೇಲೆ ದಪ್ಪ ಬಟ್ಟೆ ಇಟ್ಟು, ಅದರ ಮೇಲೆ ಬಾಟಲಿ ಇಡಬೇಕು. ಐಸ್ ನೇರವಾಗಿ ತಾಗಿ ಇನ್ಸುಲಿನ್ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ; ಮತ್ತೆ ಕರಗಿದರೂ ಬಳಸಬಾರದು. ಹಾಲಿನಂತಿರುವ ಮಿಶ್ರ ಇನ್ಸುಲಿನ್ ಅಂಗೈಗಳ ನಡುವೆ ಉರುಳಿಸಿದ ಮೇಲೂ ಗಂಟುಗಂಟಾಗಿ ಉಳಿದರೆ ಅದನ್ನು ಎಸೆಯಬೇಕು.

ದಾರಿಯಲ್ಲಿ ಊಟ ತಡವಾದಾಗ ಬೆವರು, ಕೈನಡುಕ, ಗಲಿಬಿಲಿ ಕಂಡರೆ ಸಕ್ಕರೆ ಇಳಿದಿರಬಹುದು. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಕಾಗದಗಳಲ್ಲಿ ಎಲ್ಲ ಹಳೆಯ ಫೈಲುಗಳ ಅಗತ್ಯವಿಲ್ಲ. ಸ್ಟೆಂಟ್ ಹಾಕಿದ ದಿನಾಂಕವಿರುವ ಡಿಸ್ಚಾರ್ಜ್ ಸಮ್ಮರಿ, ಇತ್ತೀಚಿನ ಇಸಿಜಿ, ಕ್ರಿಯಾಟಿನಿನ್ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿ, ವೈದ್ಯರ ಚೀಟಿ, ಇವುಗಳ ಪ್ರತಿ ಸಾಕು. ಹಳೆಯ ಹೃದ್ರೋಗದ ಗುರುತು ಇಸಿಜಿಯಲ್ಲಿ ಉಳಿದಿರಬಹುದು. ಎದೆನೋವೆಂದು ಹೋದಾಗ ಹಿಂದಿನ ಇಸಿಜಿ ಪಕ್ಕದಲ್ಲಿದ್ದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ವೈದ್ಯರಿಗೆ ಗೊತ್ತಾಗುತ್ತದೆ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ ಅವರು ನೋವಿನ ಮಾತ್ರೆ, ಆಂಟಿಬಯಾಟಿಕ್‌ಗಳ ಪ್ರಮಾಣ ನಿರ್ಧರಿಸುತ್ತಾರೆ.

ಇವುಗಳ ಜೊತೆಗೆ ಒಂದೇ ಪುಟದ ಹಾಳೆಯೊಂದು ಅಂಗಿಯ ಜೇಬಿನಲ್ಲಿರಬೇಕು. ಅದರಲ್ಲಿ ಹೆಸರು, ವಯಸ್ಸು, ಕಾಯಿಲೆಗಳು, ಒಗ್ಗದ ಔಷಧ, ತೆಗೆದುಕೊಳ್ಳುವ ಔಷಧ ಮತ್ತು ಹೊತ್ತನ್ನು ಬರೆದಿಡಬೇಕು. ಕಂಪನಿಯ ಹೆಸರಿಗಿಂತ ಔಷಧದ ಮೂಲ ಹೆಸರು ಮುಖ್ಯ. ಹುಬ್ಬಳ್ಳಿಯಲ್ಲಿ ಸಿಗುವ ಬ್ರಾಂಡ್ ವಾರಾಣಸಿಯ ಅಂಗಡಿಯಲ್ಲಿ ಇಲ್ಲದಿರಬಹುದು, ಅದೇ ಔಷಧ ಬೇರೆ ಹೆಸರಿನಲ್ಲಿ ಇರುತ್ತದೆ. ಕಾಗದವೆಲ್ಲ ಕನ್ನಡದಲ್ಲಿದ್ದರೆ ಅಲ್ಲಿ ಓದುವವರು ಸಿಗಲಾರರು, ಆದ್ದರಿಂದ ಈ ಹಾಳೆ ಇಂಗ್ಲಿಷಿನಲ್ಲಿರಲಿ. ಫೋನಿನಲ್ಲಿ ಫೋಟೊ ಇದ್ದರೂ ಚಾರ್ಜ್ ಮುಗಿದಾಗ ನೆರವಾಗುವುದು ಈ ಕಾಗದವೇ.

ಹಾಳೆಯ ಕೊನೆಯಲ್ಲಿ ನಿತ್ಯದ ವೈದ್ಯರ ಸಂಖ್ಯೆ, ಅವರು ಕರೆಗೆ ಸಿಗುವ ಹೊತ್ತು, ಮನೆಯವರೊಬ್ಬರ ಸಂಖ್ಯೆ, ಇಳಿದುಕೊಳ್ಳುವ ಜಾಗದ ಹತ್ತಿರದ ಆಸ್ಪತ್ರೆಯ ಸಂಖ್ಯೆ ಇರಬೇಕು. ರೈಲಿನಲ್ಲಿ ವೈದ್ಯಕೀಯ ನೆರವಿಗೆ 139, ದೇಶದ ಯಾವ ಊರಿನಲ್ಲಾದರೂ ತುರ್ತಿಗೆ 112. 70 ದಾಟಿದವರಿಗಾಗಿ 2024ರಲ್ಲಿ ಶುರುವಾದ ಆಯುಷ್ಮಾನ್ ವಯ ವಂದನಾ ಕಾರ್ಡ್ ಇದ್ದರೆ ಅದನ್ನೂ ಇದೇ ಹಾಳೆಯೊಂದಿಗೆ ಇಟ್ಟುಕೊಳ್ಳಬೇಕು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅದು ಅನ್ವಯಿಸುತ್ತದೆ. ಹೊರಡುವುದಕ್ಕೆ ಒಂದು ವಾರ ಮೊದಲೇ ವೈದ್ಯರನ್ನು ಕಂಡು ಈ ಹಾಳೆಯನ್ನು ತೋರಿಸಿದರೆ ತಪ್ಪು ತಿದ್ದಿಸಿಕೊಳ್ಳಲೂ ಔಷಧ ಕೊಳ್ಳಲೂ ಸಮಯ ಸಿಗುತ್ತದೆ.