ಮೂರನೆಯ ಆಯ್ಕೆ ಚಿದ್ರಿಯ ಬೇಲಿಯಲ್ಲಿದೆ

ಫಾರ್ಮಸಿ ಓದುವ ಮಕ್ಕಳ ಪ್ರಶ್ನೆಪತ್ರಿಕೆಗಳಲ್ಲಿ ಹೀಗೊಂದು ಪ್ರಶ್ನೆ ಬರುತ್ತದೆ: ತಿರುನೆಲ್ವೇಲಿ ಸೋನಾಮುಖಿಯ ಸಸ್ಯಮೂಲ ಯಾವುದು? ಕೆಳಗೆ ನಾಲ್ಕು ಹೆಸರು. ಕ್ಯಾಸಿಯಾ ಅಕ್ಯುಟಿಫೋಲಿಯಾ, ಕ್ಯಾಸಿಯಾ ಆಂಗಸ್ಟಿಫೋಲಿಯಾ, ಕ್ಯಾಸಿಯಾ ಆರಿಕ್ಯುಲೇಟಾ, ಕ್ಯಾಸಿಯಾ ಆಬೊವೇಟಾ. ಸರಿಯುತ್ತರ ಎರಡನೆಯದು. ಬಾಯಿಪಾಠ ಮಾಡಿಕೊಂಡು ಬಂದವರು ಗುರುತು ಹಾಕಿ ಮುಂದಕ್ಕೆ ಹೋಗುತ್ತಾರೆ. ಬೀದರಿನ ಚಿದ್ರಿಯಲ್ಲಿರುವ ನಿವೃತ್ತ ಅಧ್ಯಾಪಕರೊಬ್ಬರು ಮಾತ್ರ ಮೂರನೆಯ ಹೆಸರಿನ ಮೇಲೆ ಬೆರಳಿಟ್ಟು ಮಕ್ಕಳನ್ನು ಅಲ್ಲೇ ನಿಲ್ಲಿಸುತ್ತಾರೆ. "ಇದನ್ನ ನೀವು ದಿನಾ ನೋಡ್ತೀರಿ. ನಮ್ಮ ತಂಗಡಿ ಗಿಡಾನೇ ಇದು."

ಈ ಸರ್ ಬಗ್ಗೆ ನನಗೆ ಮೊದಲು ಹೇಳಿದ್ದು ಔರಾದಿನ ಹುಡುಗಿಯೊಬ್ಬಳು. ಅವರು ಮನೆಯ ಪಡಸಾಲೆಯಲ್ಲಿ ಕಲಿಸುವುದು ಒಂದೇ ವಿಷಯ, ಫಾರ್ಮಕಾಗ್ನಸಿ. ಗಿಡಮೂಲದ ಔಷಧಿ ಯಾವ ಸಸ್ಯದಿಂದ ಬಂತು, ಅದರಲ್ಲಿ ಕೆಲಸ ಮಾಡುವ ಅಂಶ ಯಾವುದು, ಯಾವುದಕ್ಕೆ ಉಪಯೋಗ, ಕಲಬೆರಕೆಯಾಗಿದ್ದರೆ ಹಿಡಿಯುವುದು ಹೇಗೆ ಎಂಬುದನ್ನು ಹೇಳುವ ಶಾಸ್ತ್ರ ಅದು. ಡಿ.ಫಾರ್ಮ್‌ನವರು ಮೊದಲ ವರ್ಷದಲ್ಲೇ ಇದನ್ನು ಓದುತ್ತಾರೆ, ಬಿ.ಫಾರ್ಮ್‌ನವರು ನಾಲ್ಕನೆಯ ಸೆಮಿಸ್ಟರಿನಿಂದ. ಮುಂದೆ ಜಿಪ್ಯಾಟ್ ಬರೆಯುವವರಿಗೆ 125 ಪ್ರಶ್ನೆ. ಸರಿಯಿದ್ದರೆ ನಾಲ್ಕು ಅಂಕ, ತಪ್ಪಿದರೆ ಒಂದು ಕಳೆತ. ಹೀಗಾಗಿ ಮಕ್ಕಳಿಗೆ ಬೇಕಾದದ್ದು ಮೂರು ಕಾಲಮ್ಮಿನ ಪಟ್ಟಿ: ಮೂಲ, ಅಂಶ, ಉಪಯೋಗ. ಸೋನಾಮುಖಿಯ ಎದುರು ಸೆನೊಸೈಡ್, ಅದರ ಎದುರು ವಿರೇಚಕ. ಅಲ್ಲಿಗೆ ಮುಗಿಯಿತು.

ಸರ್ ಪ್ರಕಾರ ಅಲ್ಲಿಂದಲೇ ಶುರುವಾಗಬೇಕು. ನಾನು ಹೋದಾಗ ಅವರು ಎರಡು ಸ್ಟೀಲ್ ತಟ್ಟೆಗಳಲ್ಲಿ ಒಣಗಿದ ಎಲೆ ಹರಡಿಟ್ಟಿದ್ದರು. ಒಂದರಲ್ಲಿ ಅಂಗಡಿಯಿಂದ ತಂದ ಸೋನಾಮುಖಿ, ಇನ್ನೊಂದರಲ್ಲಿ ಬೇಲಿಯಿಂದ ಕಿತ್ತು ನೆರಳಲ್ಲಿ ಒಣಗಿಸಿದ ತಂಗಡಿ. ದೂರದಿಂದ ಎರಡೂ ಒಂದೇ. ಸೋನಾಮುಖಿಯ ಎಲೆ ಈಟಿಯಂತೆ ಉದ್ದಕ್ಕೆ ಚೂಪು, ಹಳದಿ ಬೆರೆತ ಹಸಿರು. ಬುಡವನ್ನು ಬೆಳಕಿಗೆ ಹಿಡಿದರೆ ನಡುನರದ ಎರಡು ಕಡೆಯೂ ಸಮ ಇರುವುದಿಲ್ಲ, ಒಂದು ಕಡೆ ತುಸು ಕೆಳಗಿಳಿದಿರುತ್ತದೆ. ಮೇಲ್ಮೈಯಲ್ಲಿ ಅಡ್ಡಡ್ಡ ಮಸುಕು ಗೆರೆಗಳು. "ಇವು ನರ ಅಲ್ಲ. ಮೂಟೆ ಕಟ್ಟುವಾಗ ಒತ್ತಿ ತುಂಬತಾರಲ್ಲ, ಒಂದರ ಮ್ಯಾಲೊಂದು ಕೂತು ಮೂಡಿದ ಗುರ್ತು," ಎಂದರು. ತಂಗಡಿಯ ಎಲೆಯ ತುದಿ ದುಂಡಗೆ, ನಡುವೆ ಒಂದು ಸಣ್ಣ ಮುಳ್ಳಿನಷ್ಟು ಮೊನೆ. ಗಿಡದಲ್ಲಿದ್ದಾಗ ಗುರುತಿಸುವುದು ಇನ್ನೂ ಸುಲಭ: ಎಲೆತೊಟ್ಟಿನ ಬುಡದಲ್ಲಿ ಕಿವಿಯಾಕಾರದ ದೊಡ್ಡ ಎಲೆಚೂರು ಅಂಟಿಕೊಂಡಿರುತ್ತದೆ. ಒಣಗಿಸಿ ಎಲೆ ಬಿಡಿಸಿದಾಗ ಆ ಗುರುತು ಹೋಗುತ್ತದೆ, ಪುಡಿ ಮಾಡಿದರೆ ತುದಿಯೂ ಬುಡವೂ ಹೋಗುತ್ತವೆ. ಕಲಬೆರಕೆಗೆ ದಾರಿಯಾಗುವುದು ಅಲ್ಲೇ.

ಪುಡಿಯಾದ ಮೇಲೆ ಏನು ಮಾಡಬೇಕು? ಸರ್ ಕನ್ನಡಕ ಹಾಕಿ, ನಮ್ಮನ್ನು ಎರಡು ಹೆಜ್ಜೆ ಹಿಂದೆ ಸರಿಸಿದರು. ಬಿಳಿ ಪಿಂಗಾಣಿ ಬಟ್ಟಲುಗಳೆರಡರಲ್ಲಿ ಚಿಟಿಕೆ ಚಿಟಿಕೆ ಪುಡಿ. ಗಾಜಿನ ಕಡ್ಡಿಯಿಂದ 80 ಪ್ರತಿಶತ ಗಂಧಕಾಮ್ಲದ ಹನಿ. ತಂಗಡಿಯ ಪುಡಿ ಕಡುಗೆಂಪಿಗೆ ತಿರುಗಿತು, ಸೋನಾಮುಖಿಯಲ್ಲಿ ಆ ಕೆಂಪು ಬರಲಿಲ್ಲ. ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಪರೀಕ್ಷೆ ಇದು. ಆಮ್ಲ ಚರ್ಮವನ್ನೇ ಸುಡುತ್ತದೆ, ಆದ್ದರಿಂದ ಮಕ್ಕಳ ಕೈಗೆ ಕೊಡುವುದಿಲ್ಲ.

ಈ ಪರೀಕ್ಷೆ ತಂಗಡಿ ಬೆರೆತಿದೆಯೇ ಎಂದಷ್ಟೇ ಹೇಳುತ್ತದೆ. ಸೋನಾಮುಖಿಯ ಸತ್ವ ಇದೆಯೇ ಎಂದು ನೋಡುವುದಕ್ಕೆ ಬೇರೆ ಪರೀಕ್ಷೆ, ಬೋರ್ನ್‌ಟ್ರೇಗರ್. ಪುಡಿಯನ್ನು ಆಮ್ಲದಲ್ಲಿ ಕುದಿಸಿ, ಸೋಸಿ, ಆರಿಸಿ, ಈಥರ್ ಜೊತೆ ಅಲ್ಲಾಡಿಸಬೇಕು. ಮೇಲೆ ನಿಂತ ಈಥರನ್ನು ಬೇರ್ಪಡಿಸಿ ಅಮೋನಿಯಾ ಹಾಕಿದರೆ ಕೆಳಗಿನ ಪದರ ಗುಲಾಬಿಯಾಗುತ್ತದೆ. ಇಲ್ಲಿ ಮಕ್ಕಳು ಎಡವುವ ಜಾಗವನ್ನೂ ಸರ್ ತೋರಿಸಿದರು. 1941ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟಾಲ್ ಮತ್ತು ಸಂಗಡಿಗರು ಬೇರ್ಪಡಿಸಿದ ಸೆನೊಸೈಡ್ ಎ ಮತ್ತು ಬಿ ಎರಡರಲ್ಲೂ ಆಂಥ್ರೋನಿನ ಎರಡು ಭಾಗ ಬೆಸೆದುಕೊಂಡಿರುತ್ತವೆ. ಬರೀ ಆಮ್ಲಕ್ಕೆ ಅವುಗಳ ಸಕ್ಕರೆ ಕಳಚುತ್ತದೆ, ಬೆಸುಗೆ ಬಿಡುವುದಿಲ್ಲ, ಬಣ್ಣ ಪೇಲವವಾಗುತ್ತದೆ. ಕುದಿಸುವಾಗಲೇ ಫೆರಿಕ್ ಕ್ಲೋರೈಡ್ ಸೇರಿಸಿದರೆ ಬೆಸುಗೆ ಒಡೆದು ಬಣ್ಣ ಚೆನ್ನಾಗಿ ಬರುತ್ತದೆ. ಬಣ್ಣ ಬರಲಿಲ್ಲವೆಂದು ಒಳ್ಳೆಯ ಎಲೆಯನ್ನು ಕೆಟ್ಟದ್ದೆಂದು ಬರೆದವರು ಬಹಳ ಮಂದಿ.

ಮೊದಲೆರಡು ಆಯ್ಕೆಗಳ ನಡುವಿನ ಭೇದಕ್ಕೆ ಬಣ್ಣದ ಸಹಾಯವಿಲ್ಲ, ಎರಡರಲ್ಲೂ ಸೆನೊಸೈಡೇ. ಅಲ್ಲಿ ಎಣಿಸಬೇಕು. ಎಲೆಯ ಚೂರನ್ನು ಕ್ಲೋರಲ್ ಹೈಡ್ರೇಟಿನಲ್ಲಿ ಕಾಯಿಸಿದರೆ ಹಸಿರು ಹೋಗಿ ಪಾರದರ್ಶಕವಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಪತ್ರರಂಧ್ರಗಳನ್ನೂ ಸುತ್ತಲಿನ ಹೊರಪದರದ ಕೋಶಗಳನ್ನೂ ಎಣಿಸಬೇಕು. ನನ್ನೆದುರು ಭಾಲ್ಕಿಯ ಹುಡುಗ ಎಣಿಸಿದ್ದು 20 ರಂಧ್ರ, 91 ಕೋಶ. ಒಟ್ಟು 111ರಲ್ಲಿ 20 ಎಂದರೆ ನೂರಕ್ಕೆ 18. ತಿರುನೆಲ್ವೇಲಿ ಎಲೆಯಲ್ಲಿ ಇದು 17ರಿಂದ 20ರವರೆಗೆ, ಮೊದಲ ಆಯ್ಕೆಯಾದ ಅಲೆಕ್ಸಾಂಡ್ರಿಯಾದ ಎಲೆಯಲ್ಲಿ 11ರಿಂದ 13ರವರೆಗೆ. ಅಂದರೆ ಅಂಗಡಿಯ ಎಲೆ ನಮ್ಮ ದೇಶದ್ದೇ. "ಇನ್ನ ನಾಲ್ಕು ಜಾಗಾ ಎಣಸು ತಮ್ಮಾ, ಒಂದರ ಮ್ಯಾಲೆ ನಂಬಬ್ಯಾಡ," ಎಂದರು ಸರ್. ಒಂದು ಚದರ ಮಿಲಿಮೀಟರಿನಲ್ಲಿ ಎಷ್ಟು ರಂಧ್ರ ಎಂಬ ಲೆಕ್ಕ ಎಲೆ ಬೆಳೆದಂತೆ ಬದಲಾಗುತ್ತದೆ, ಈ ನೂರಕ್ಕಿಷ್ಟು ಎಂಬ ಪ್ರಮಾಣ ಹೆಚ್ಚು ಬದಲಾಗದು.

ಇಲ್ಲೊಂದು ತೊಡಕಿದೆ. ಸಸ್ಯಶಾಸ್ತ್ರಜ್ಞರು ಈಗ ಈ ಎರಡನ್ನೂ ಸೆನ್ನಾ ಅಲೆಕ್ಸಾಂಡ್ರಿನಾ ಎಂಬ ಒಂದೇ ಪ್ರಭೇದವಾಗಿ ನೋಡುತ್ತಾರೆ. ತಂಗಡಿಯೂ ಸೆನ್ನಾ ಆರಿಕ್ಯುಲೇಟಾ ಆಗಿದೆ. ಪ್ರಶ್ನೆಪತ್ರಿಕೆಗಳಲ್ಲಿ ಹಳೆಯ ಹೆಸರುಗಳೇ ಉಳಿದಿವೆ. ಕೋಕಾಟೆಯವರ ಪುಸ್ತಕ ಓದಿ ಬೆಳೆದ ಸರ್ ಮಕ್ಕಳಿಗೆ ಎರಡೂ ಬರೆಸುತ್ತಾರೆ.

ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳಿದರೆ ಅವರ ಉತ್ತರ ಮೂರನೆಯ ಕಾಲಮ್ಮಿಗೆ ಹೋಗುತ್ತದೆ. ರಾತ್ರಿ ತೆಗೆದುಕೊಂಡ ಸೋನಾಮುಖಿ ಬೆಳಿಗ್ಗೆ ಕೆಲಸ ಮಾಡುತ್ತದೆ. ಸೆನೊಸೈಡ್ ಸಣ್ಣ ಕರುಳಲ್ಲಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಒಡೆದ ಮೇಲಷ್ಟೇ ಕರುಳನ್ನು ಚುರುಕುಗೊಳಿಸುತ್ತದೆ; ಅದಕ್ಕೇ ಆರರಿಂದ ಹನ್ನೆರಡು ಗಂಟೆಯ ತಡ. ತಂಗಡಿಯ ಎಲೆಯಲ್ಲಿ ಅದಿಲ್ಲ. ಅದರ ತೊಗಟೆಯಲ್ಲಿರುವುದು ಟ್ಯಾನಿನ್. ಚರ್ಮ ಹದ ಮಾಡುವುದಕ್ಕೆ ಬಳಸುತ್ತಿದ್ದದ್ದು ಅದರಿಂದಲೇ. ಬೆರಕೆ ಪುಡಿ ಕುಡಿದ ಮುದುಕಿಗೆ ಬೆಳಿಗ್ಗೆ ಹೊಟ್ಟೆ ಕಳೆಯದಿದ್ದರೆ ಮರುದಿನ ಎರಡು ಚಮಚ ಕುಡಿಯುತ್ತಾಳೆ. ಆಮೇಲೊಮ್ಮೆ ಶುದ್ಧ ಪುಡಿ ಸಿಕ್ಕಾಗಲೂ ಎರಡೇ ಚಮಚ. ಆಗ ಭೇದಿ ಹತ್ತಿ ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಕರುಳು ಕಟ್ಟಿಕೊಂಡವರಿಗಂತೂ ಸೋನಾಮುಖಿ ಕೊಡಲೇಬಾರದು.

ಹಿಂದೆ ಸರ್ ಮಳೆ ಬಿದ್ದ ಮೇಲೆ ಮಕ್ಕಳನ್ನು ಭಾಲ್ಕಿಯ ದಾರಿಗುಂಟ ನಡೆಸಿಕೊಂಡು ಹೋಗಿ, ಗಿಡ ಕಿತ್ತು ಕಾಗದದಲ್ಲಿ ಒತ್ತಿಸುತ್ತಿದ್ದರಂತೆ. ಈಗ ಒತ್ತಿದ ಎಲೆಗಳ ಹಾಳೆ ತಯಾರಾಗಿ ದುಡ್ಡಿಗೆ ಸಿಗುತ್ತದೆ. ಚಿದ್ರಿಯ ಕೆಂಪು ಜಂಬಿಟ್ಟಿಗೆ ನೆಲ ಸೈಟುಗಳಾಗುತ್ತ ಬಂದು ಹಳದಿ ಹೂವಿನ ತಂಗಡಿ ಬೇಲಿಯಂಚಿಗೆ ಸರಿದಿದೆ. ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಬರುವವರೇ ಹೆಚ್ಚು. "ಸರ್, ಆಯ್ಕೆ ಅಷ್ಟೇ ಹೇಳ್ರಿ ಸಾಕು," ಎನ್ನುತ್ತಾರೆ. ಅವರಿಗೂ ಸರ್ ಇಲ್ಲವೆನ್ನುವುದಿಲ್ಲ, ಪಟ್ಟಿ ಬರೆಸಿ ಕಳಿಸುತ್ತಾರೆ. ಎಲೆ ಎಣಿಸಲು ಕೂರುವವರು ಈ ವರ್ಷ ಇಬ್ಬರೇ, ಆ ಔರಾದಿನ ಹುಡುಗಿ ಮತ್ತು ಭಾಲ್ಕಿಯ ಹುಡುಗ.