ಮಗನ ಪತ್ರ, ಅವ್ವನ ಟ್ಯಾಬ್ಲೆಟ್: ಕುಟುಂಬದ ಆಲ್ಬಂ ತೆರೆಯುವ ಬಗೆ

ರಾಯಚೂರು: ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ವೃದ್ಧ ತಾಯಿ, ಅಮೆರಿಕದಲ್ಲಿ ಮಗ. ಮೊಮ್ಮಕ್ಕಳ ಛಾಯಾಚಿತ್ರಗಳನ್ನು ಆತ ಗೂಗಲ್ ಫೋಟೋಸ್‌ನ ಹಂಚಿಕೆಯ ಆಲ್ಬಂನಲ್ಲಿ ಸೇರಿಸುತ್ತಾನೆ. ತಾಯಿಯ ಕೈಯಲ್ಲಿ ಟ್ಯಾಬ್ಲೆಟ್ ಇದೆ, ಆದರೆ ಅದನ್ನು ಮುಟ್ಟಲು ಅಂಜಿಕೆ. ಇಂತಹ ಸಂದರ್ಭದಲ್ಲಿ ಮಗನು ಬರೆಯಬೇಕಾದ ಪತ್ರ ಹೇಗಿರಬೇಕು?

ಮೊದಲನೆಯದಾಗಿ, ಅದು ಕಾಗದದ ಮೇಲೆಯೇ ಇರಬೇಕು. ಟ್ಯಾಬ್ಲೆಟ್‌ಗೇ ಸಂದೇಶ ಕಳುಹಿಸಿದರೆ ಆಲ್ಬಂ ತೆರೆದೊಡನೆ ಆ ಸಂದೇಶ ಮರೆಯಾಗುತ್ತದೆ. ಮುಂದಿನ ಹೆಜ್ಜೆ ಓದಲು ಹಿಂದಕ್ಕೆ ಹೋಗಬೇಕು, ಹಿಂದಕ್ಕೆ ಹೋಗುವುದೇ ಅವರಿಗೆ ತಿಳಿಯದು. ದಪ್ಪ ಅಕ್ಷರದ ಕಾಗದ ಪಕ್ಕದಲ್ಲಿದ್ದರೆ ಒಂದು ಬೆರಳನ್ನು ಸಾಲಿನ ಮೇಲಿಟ್ಟು, ಇನ್ನೊಂದರಿಂದ ಪರದೆ ಮುಟ್ಟಬಹುದು.

ಎರಡನೆಯದು, ಮಗನ ಫೋನಿನಲ್ಲಿ ಕಾಣುವುದು ತಾಯಿಗೆ ಕಾಣುವುದಿಲ್ಲ. ಆತನ ಪರದೆ ಇಂಗ್ಲಿಷಿನಲ್ಲಿ, ಅವರದು ಕನ್ನಡದಲ್ಲಿ ಇರಬಹುದು. ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದಾಗ ಗುಂಡಿಗಳ ಜಾಗವೂ ಬದಲಾಗಬಹುದು. ಆದ್ದರಿಂದ ಊರಿನ ಬಂಧುಗಳಿಂದ ಅದೇ ಟ್ಯಾಬ್ಲೆಟ್‌ನ ಪರದೆಯ ಚಿತ್ರ ತರಿಸಿಕೊಂಡು, ಅದರ ಮೇಲೆಯೇ ಗುರುತು ಹಾಕುವುದು ಲೇಸು.

ಪತ್ರದ ಒಕ್ಕಣೆ ಹೀಗಿರಬಹುದು:

"ಮಾತೋಶ್ರೀಯವರ ಪಾದಗಳಿಗೆ ಮಗನ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅವ್ವಾ, ಟ್ಯಾಬ್ಲೆಟ್ ತೆರೆದಾಗ ನಾಲ್ಕು ಬಣ್ಣದ ಗಿರಗಿಟ್ಲೆಯಂತಹ ಗುರುತು ಕಾಣುತ್ತದೆ. ಅದನ್ನು ಬೆರಳಿನಿಂದ ಒಮ್ಮೆ ತಟ್ಟಿ ಬಿಡು, ಅದುಮಿ ಹಿಡಿಯಬೇಡ. ಆಮೇಲೆ ಈ ಕಾಗದದ ಚಿತ್ರದಲ್ಲಿ ನಾನು ಕೆಂಪು ಸುತ್ತು ಹಾಕಿರುವ ಗುಂಡಿಯನ್ನು ತಟ್ಟು. 'ಕುರ್ಡಿ ಮನೆ' ಎಂಬ ಹೆಸರು ಬರುತ್ತದೆ, ಅದೇ ನಮ್ಮ ಆಲ್ಬಂ. ಒಂದು ಚಿತ್ರ ತಟ್ಟಿದರೆ ದೊಡ್ಡದಾಗುತ್ತದೆ. ಬೆರಳನ್ನು ಬಲದಿಂದ ಎಡಕ್ಕೆ ಸವರಿದರೆ ಮುಂದಿನದು ಬರುತ್ತದೆ. ನಾನು ಹಾಕಿದ ಚಿತ್ರ ನಿನ್ನ ಕೈಯಿಂದ ಅಳಿಯುವುದಿಲ್ಲ, ಹೆದರಬೇಡ."

'ಅದುಮಿ ಹಿಡಿಯಬೇಡ' ಎಂಬ ಮಾತು ಸಣ್ಣದಲ್ಲ. ವಯಸ್ಸಾದವರು ಗಟ್ಟಿ ಗುಂಡಿ ಒತ್ತಿದ ಅಭ್ಯಾಸದಿಂದ ಗಾಜನ್ನೂ ಒತ್ತಿ ಹಿಡಿಯುತ್ತಾರೆ. ಆಗ ಚಿತ್ರ ತೆರೆಯುವ ಬದಲು 'ಆಯ್ಕೆ'ಯಾಗುತ್ತದೆ. ಮೂಲೆಯಲ್ಲಿ ಸರಿ ಗುರುತು ಮೂಡುತ್ತದೆ. ಬಳಿಕ ಯಾವ ಚಿತ್ರ ತಟ್ಟಿದರೂ ಗುರುತೇ ಸೇರುತ್ತದೆ, ಚಿತ್ರ ದೊಡ್ಡದಾಗುವುದಿಲ್ಲ. ಮೇಲಿನ ಕತ್ತರಿ ಗುರುತನ್ನು ತಟ್ಟಿದರೆ ಸರಿಹೋಗುತ್ತದೆ. ಇನ್ನೊಂದು ಸಿಕ್ಕು: ಎರಡು ಬಾರಿ ತಟ್ಟಿದರೆ ಮಗುವಿನ ಮುಖ ಹಿಗ್ಗಿ ಪರದೆ ತುಂಬುತ್ತದೆ. ಆ ಸ್ಥಿತಿಯಲ್ಲಿ ಸವರಿದರೆ ಅದೇ ಚಿತ್ರ ಅತ್ತಿತ್ತ ಸರಿದಾಡುತ್ತದೆ, ಮುಂದಿನದು ಬರುವುದಿಲ್ಲ. ಮತ್ತೆ ಎರಡು ಬಾರಿ ತಟ್ಟಿದರೆ ಮೊದಲಿನಂತಾಗುತ್ತದೆ. ಎಷ್ಟು ತಟ್ಟಿದರೂ ಏನೂ ಆಗದಿದ್ದರೆ ತಪ್ಪು ಬೆರಳಿನದಿರಬಹುದು. ಪರದೆ ಅರಿಯುವುದು ಒತ್ತಡವನ್ನಲ್ಲ, ಚರ್ಮದ ವಿದ್ಯುತ್ ಗುಣವನ್ನು. ಹೊಲದ ಕೆಲಸದಿಂದ ಒರಟಾದ, ಒಣಗಿದ ಬೆರಳತುದಿಯನ್ನು ಅದು ಗುರುತಿಸದಿರಬಹುದು. ಒದ್ದೆ ಬಟ್ಟೆಯಿಂದ ಬೆರಳೊರೆಸಿಕೊಂಡು, ಉಗುರಿನಿಂದಲ್ಲದೆ ಬೆರಳಿನ ಮೆದುಭಾಗದಿಂದ ಮುಟ್ಟಬೇಕು.

'ಅಳಿಯುವುದಿಲ್ಲ' ಎಂಬ ಭರವಸೆ ನಿಜವಾಗಲು ಮಗ ಮೊದಲೇ ಒಂದು ಕೆಲಸ ಮಾಡಿರಬೇಕು. ಅವಸರದಲ್ಲಿ ಅನೇಕರು ತಾಯಿಯ ಟ್ಯಾಬ್ಲೆಟ್‌ಗೆ ತಮ್ಮದೇ ಗೂಗಲ್ ಖಾತೆ ಹಾಕಿಕೊಟ್ಟು ವಿಮಾನ ಹತ್ತುತ್ತಾರೆ. ಆಗ ಅವರ ಪಾಲಿಗೆ ತಾಯಿಯೇ ಆಲ್ಬಂನ ಒಡೆಯರು. ಅವರು ಅರಿಯದೆ ಅಳಿಸಿದ ಚಿತ್ರ ಮಗನ ಫೋನಿನಿಂದಲೂ ಮಾಯವಾಗುತ್ತದೆ. ಬ್ಯಾಕಪ್ ಆದ ಚಿತ್ರ ಕಸದ ಬುಟ್ಟಿಯಲ್ಲಿ 60 ದಿನ ಉಳಿಯುವುದರಿಂದ ಅಷ್ಟರೊಳಗೆ ಗಮನಿಸಿದರೆ ಮರಳಿ ಪಡೆಯಬಹುದು. ತಾಯಿಗೆ ಪ್ರತ್ಯೇಕ ಖಾತೆ ತೆರೆದು, ಅದಕ್ಕೆ ಆಹ್ವಾನ ಕಳುಹಿಸಿದರೆ ಈ ಭಯವಿಲ್ಲ. ಮಗ ಸೇರಿಸಿದ್ದನ್ನು ಅವರು ನೋಡಬಲ್ಲರೇ ಹೊರತು ಅಳಿಸಲಾರರು. ಅವರ ಖಾತೆಯ 15 ಜಿಬಿ ಜಾಗವೂ, ಚಿತ್ರಗಳನ್ನು ಅವರು ಉಳಿಸಿಕೊಳ್ಳದಿದ್ದರೆ, ಖರ್ಚಾಗುವುದಿಲ್ಲ.

ಲಿಂಕ್ ಮೂಲಕ ಹಂಚುವುದು ಸುಲಭವೇನೋ ಹೌದು. ಆದರೆ ಲಿಂಕ್ ಸಿಕ್ಕ ಯಾರಿಗಾದರೂ ಆಲ್ಬಂ ತೆರೆದುಕೊಳ್ಳುತ್ತದೆ. ಮೊಮ್ಮಕ್ಕಳನ್ನು ತೋರಿಸುವ ಸಂಭ್ರಮದಲ್ಲಿ ತಾಯಿ ಅದನ್ನು ನಾಲ್ಕು ಮನೆಗೆ ಕಳುಹಿಸಿದರೆ ತಡೆಯುವವರಾರು? ಹೀಗಾಗಿ ಲಿಂಕ್ ಹಂಚಿಕೆ ಮುಚ್ಚಿಡುವುದು ಉತ್ತಮ. ಇದಕ್ಕೊಂದು ಬೆಲೆಯೂ ಇದೆ. ಮೂರು ಚುಕ್ಕಿಯ ಪಟ್ಟಿಯೊಳಗೆ ಆಲ್ಬಂನಿಂದ ಹೊರಬರುವ ಆಯ್ಕೆ ಇರುತ್ತದೆ. ತಾಯಿ ತಪ್ಪಿ ಅದನ್ನು ತಟ್ಟಿದರೆ ಚಿತ್ರಗಳು ಅಳಿಯುವುದಿಲ್ಲ, ಆದರೆ ಅವರಿಗೆ ಆಲ್ಬಂ ಕಾಣುವುದು ನಿಲ್ಲುತ್ತದೆ. ಮಗ ಮತ್ತೆ ಆಹ್ವಾನಿಸಬೇಕು. ಆದ್ದರಿಂದ ಪತ್ರದ ಕೊನೆಗೆ ಇನ್ನೆರಡು ಸಾಲು ಬೇಕು:

"ಮೂರು ಚುಕ್ಕಿ ಕಂಡಲ್ಲಿ ತಟ್ಟಬೇಡ. 'ಕುರ್ಡಿ ಮನೆ' ಕಾಣದಾದರೆ ನನಗೆ ಫೋನ್ ಮಾಡಿಸು, ಹೊತ್ತು ನೋಡಬೇಡ."