ಕರೆಂಟ್ ಬರೆಯದ ಫೈಲು

ಔರಾದಿನ ಝೆರಾಕ್ಸ್ ಅಂಗಡಿಯಲ್ಲಾಗಲಿ, ಭಾಲ್ಕಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೇಂದ್ರದಲ್ಲಾಗಲಿ, ಬೀದರ್ ನಗರದ ಡಿಟಿಪಿ ಅಂಗಡಿಯಲ್ಲಾಗಲಿ, ಕೆಲಸದ ನಡುವೆ ಕಂಪ್ಯೂಟರ್ ತಟ್ಟನೆ ಆರಿ ಮತ್ತೆ ಹೊತ್ತಿಕೊಂಡರೆ ತೀರ್ಪು ಒಂದೇ: ಕರೆಂಟ್ ಹೋಗಿ ಬಂತು. ಮೇ ತಿಂಗಳ ಬಿಸಿಲಲ್ಲಿ, ಸಾಲು ಸಾಲು ಫ್ಯಾನು ಕೂಲರುಗಳು ತಿರುಗುವ ಊರಲ್ಲಿ ಈ ತೀರ್ಪು ಹಲವು ಸಲ ಸರಿಯೂ ಹೌದು. ತೊಡಕಿರುವುದು ಬೇರೆ ಕಡೆ. ವಿಂಡೋಸ್ ತನ್ನೊಳಗಿನ ದೋಷದಿಂದ ಕುಸಿದಾಗಲೂ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಮೊದಲೇ ಹೊಂದಿಸಿರುತ್ತದೆ. ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು) ಒಂದೆರಡು ಕ್ಷಣ ಮಿನುಗಿ ಮಾಯವಾಗುತ್ತದೆ. ಗಿರಾಕಿಯ ಕಡೆ ಮುಖ ಮಾಡಿದ್ದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಇವೆರಡನ್ನು ಬೇರ್ಪಡಿಸುವ ಸಾಕ್ಷಿ ಸಿ ಡ್ರೈವಿನಲ್ಲೇ ಬಿದ್ದಿರುತ್ತದೆ. ಜಾಗ ತಿನ್ನುವ ಕಸವೆಂದು ನಾವು ಮೊದಲು ಅಳಿಸುವುದು ಅದನ್ನೇ.

ಆ ಸಾಕ್ಷಿಯ ಹೆಸರು ಮೆಮೊರಿ ಡಂಪ್. ಕುಸಿತದ ಗಳಿಗೆಯಲ್ಲಿ ಸ್ಥಳದಲ್ಲೇ ಬರೆದ ಪಂಚನಾಮೆ ಎನ್ನಬಹುದು. ಅದನ್ನು ಬರೆಯುವ ಬಗೆ ಕುತೂಹಲದ್ದು. ವಿಂಡೋಸ್‌ನ ತಿರುಳು ಭಾಗವೇ ಕೆಟ್ಟಾಗ ಡಿಸ್ಕಿನಲ್ಲಿ ಹೊಸ ಫೈಲು ತೆರೆಯುವ ವ್ಯವಸ್ಥೆಯನ್ನು ನಂಬುವಂತಿಲ್ಲ; ನಂಬಿದರೆ ಇದ್ದ ಕಡತಗಳೂ ಹಾಳಾದಾವು. ಹಾಗಾಗಿ ಕಂಪ್ಯೂಟರ್ ಏಳುವಾಗಲೇ, ಎಲ್ಲವೂ ನೆಟ್ಟಗಿರುವಾಗಲೇ, ಪೇಜ್‌ಫೈಲ್ ಡಿಸ್ಕಿನ ಯಾವ ಯಾವ ಜಾಗದಲ್ಲಿದೆ ಎಂಬುದನ್ನು ಅದು ಗುರುತು ಹಾಕಿಟ್ಟುಕೊಳ್ಳುತ್ತದೆ. ಕುಸಿತದ ವೇಳೆ ಆ ಗುರುತು ಹಿಡಿದು, ನೆನಪಿನಲ್ಲಿದ್ದದ್ದನ್ನು ನೇರ ಅಲ್ಲಿಗೆ ಸುರಿಯುತ್ತದೆ. ಮತ್ತೆ ಎದ್ದ ಮೇಲೆ ಅಲ್ಲಿಂದ ತೆಗೆದು `C:\Windows\MEMORY.DMP` ಎಂಬ ದೊಡ್ಡ ಫೈಲಾಗಿಯೂ, `C:\Windows\Minidump` ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲಾಗಿಯೂ ಉಳಿಸುತ್ತದೆ. ಇಷ್ಟಕ್ಕೆಲ್ಲ ಕೆಲವು ಕ್ಷಣಗಳಾದರೂ ಕರೆಂಟ್ ಇರಲೇಬೇಕು. ಪ್ಲಗ್ಗಿನಿಂದಲೇ ವಿದ್ಯುತ್ ಹೋದರೆ ಪಂಚನಾಮೆ ಬರೆಯುವವನೂ ಅದೇ ಕ್ಷಣಕ್ಕೆ ಸತ್ತಿರುತ್ತಾನೆ. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ: ಡಂಪ್ ಇದ್ದರೆ ಆ ಸಲ ಕಂಪ್ಯೂಟರನ್ನು ಕೆಡವಿದ್ದು ಕರೆಂಟ್ ಹೋದದ್ದಲ್ಲ.

ಡಂಪ್ ಇಲ್ಲದಿದ್ದರೆ ಕರೆಂಟೇ ಎಂದು ತಿರುಗಿಸಿ ಹೇಳಬಹುದೇ? ಅಷ್ಟು ಸಲೀಸಲ್ಲ. ಯಾರೋ ಪೇಜ್‌ಫೈಲ್ ನಿಲ್ಲಿಸಿದ್ದರೆ, ಡಿಸ್ಕ್ ತುಂಬಿದ್ದರೆ, ಇಲ್ಲವೇ ಕೆಟ್ಟದ್ದು ಎಸ್‌ಎಸ್‌ಡಿಯೇ ಆಗಿದ್ದರೆ ಕುಸಿತವಾದರೂ ಡಂಪ್ ಹುಟ್ಟದು. ಆಗ ಈವೆಂಟ್ ವ್ಯೂವರ್ ತೆರೆದು System ಪಟ್ಟಿ ನೋಡಬೇಕು. ಸರಿಯಾಗಿ ಮುಚ್ಚದೆ ಎದ್ದ ಪ್ರತಿ ಸಲವೂ ಅಲ್ಲಿ `Kernel-Power` ಹೆಸರಿನಲ್ಲಿ 41ನೇ ನಂಬರಿನ ದಾಖಲೆ ಬೀಳುತ್ತದೆ. ಅದರ Details ಒಳಗೆ `BugcheckCode` ಎಂಬ ಸಾಲಿದೆ. ಅದು ಸೊನ್ನೆಯಾಗಿದ್ದರೆ ಹೆಚ್ಚಿನ ಸಲ ಒಂದೋ ವಿದ್ಯುತ್ ಹೋಗಿರುತ್ತದೆ, ಇಲ್ಲವೇ ಯಂತ್ರ ಪೂರ್ತಿ ಹೆಪ್ಪುಗಟ್ಟಿ ನಿಂತಿರುತ್ತದೆ. ಸೊನ್ನೆಯಲ್ಲದ ಅಂಕಿ ಇದ್ದರೆ ಅದು ನೀಲಿ ಪರದೆಯದೇ ಸಂಖ್ಯೆ, ದಶಮಾನದಲ್ಲಿ: 209 ಎಂದರೆ `0xD1`, 26 ಎಂದರೆ `0x1A`. ಡಂಪ್ ಬರೆಯಲು ಹೋಗಿ ಸೋತಿದ್ದರೆ `volmgr` ಹೆಸರಿನಲ್ಲಿ 161 ಅಥವಾ 46 ಎಂಬ ದಾಖಲೆ ಸಿಗುವುದುಂಟು.

ಫೈಲುಗಳು ಹಲವು ಸೇರಿದಾಗಲೇ ಅವುಗಳ ನಿಜವಾದ ಬೆಲೆ ತಿಳಿಯುವುದು. ಭಾಲ್ಕಿಯ ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ವಾರಕ್ಕೆ ಐದು ಮಿನಿಡಂಪ್ ಸೇರಿವೆ ಎಂದು ಇಟ್ಟುಕೊಳ್ಳೋಣ. ಹೆಸರಿನ ಮೊದಲ ಆರಂಕಿ ತಿಂಗಳು, ದಿನ, ವರ್ಷ. `050625` ಎಂದು ಶುರುವಾದದ್ದು 2025ರ ಮೇ 6ರದು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿನ್‌ಡಿಬಿಜಿಯಲ್ಲಿ ಒಂದೊಂದನ್ನೇ ತೆರೆದು ಈ ಆದೇಶ ಕೊಡಬೇಕು:

```
!analyze -v
```

ಉದ್ದಕ್ಕೆ ಬರುವ ಉತ್ತರದಲ್ಲಿ ಮೊದಲು ಹುಡುಕಬೇಕಾದ್ದು ಎರಡು: ಕುಸಿತದ ಸಂಖ್ಯೆ ಮತ್ತು `IMAGE_NAME`. ಐದರಲ್ಲೂ ಸಂಖ್ಯೆ `0xD1`, ಐದರಲ್ಲೂ ಹೆಸರು ಯುಎಸ್‌ಬಿ ವೈಫೈ ಡಾಂಗಲ್‌ನ ಡ್ರೈವರಿನದೇ ಎಂದಾದರೆ ಸಂಶಯ ಒಬ್ಬನ ಮೇಲೇ ನಿಲ್ಲುತ್ತದೆ. ಆ ಡ್ರೈವರ್ ಮುಟ್ಟಬಾರದ ಹೊತ್ತಿನಲ್ಲಿ ಮುಟ್ಟಬಾರದ ವಿಳಾಸಕ್ಕೆ ಕೈ ಹಾಕಿದೆ. ಡಾಂಗಲ್ ಕಿತ್ತು ಎರಡು ವಾರ ಕಾದರೆ ಪರೀಕ್ಷೆ ಮುಗಿಯಿತು. ಹಾಗಲ್ಲದೆ ಒಂದರಲ್ಲಿ `0x1A`, ಇನ್ನೊಂದರಲ್ಲಿ `0x50`, ಮತ್ತೊಂದರಲ್ಲಿ `0xA`, ಹೆಸರುಗಳೂ ದಿನಕ್ಕೊಂದು ಎಂದಾದರೆ ಇಷ್ಟು ಡ್ರೈವರುಗಳು ಒಟ್ಟಿಗೆ ಕೆಡುವ ಸಂಭವ ಕಡಿಮೆ; ಅವೆಲ್ಲ ನಿಂತಿರುವ ನೆಲವೇ, ಅಂದರೆ ರ್‍ಯಾಮ್, ಅಲುಗುತ್ತಿರುವ ಸಂಭವ ಹೆಚ್ಚು. ಮೆಕ್ಯಾನಿಕ್ಕುಗಳು ರ್‍ಯಾಮ್ ಕಳಚಿ ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸುವುದು ಇಂಥಲ್ಲಿ ಫಲಿಸುವುದು ಬರೀ ಕೈಗುಣವಲ್ಲ. `mdsched.exe` ಓಡಿಸಿದರೆ ವಿಂಡೋಸೇ ರ್‍ಯಾಮ್ ಪರೀಕ್ಷಿಸುತ್ತದೆ. ಒಂದು ಎಚ್ಚರ: ಕೆಲವು ತಂತ್ರಾಂಶಗಳು ಪ್ರತಿ ಸಲವೂ `ntoskrnl.exe` ಎಂದು ತೋರಿಸುತ್ತವೆ. ಅದು ವಿಂಡೋಸ್‌ನ ತಿರುಳು. ಹೆಚ್ಚಿನ ಸಲ ಅದು ಕಳ್ಳನಲ್ಲ, ಕೂಗಿದವನು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ: ಕರೆಂಟ್ ಪೂರ್ತಿ ಹೋಗದೆ ಏರಿಳಿದರೆ? ಹೌದು, ಬಿಸಿಲಿಗೆ ಕೆಪಾಸಿಟರ್ ಉಬ್ಬಿದ ಅಗ್ಗದ ಎಸ್‌ಎಂಪಿಎಸ್ ಆ ಏರಿಳಿತವನ್ನು ತಡೆಯದೆ ಒಳಗೆ ಬಿಟ್ಟರೆ ರ್‍ಯಾಮಿನ ಅಂಕಿ ತಪ್ಪಬಹುದು, ಡಂಪ್ ಹುಟ್ಟಬಹುದು. ಆಗಲೂ ಸಿಗುವುದು ದಿನಕ್ಕೊಂದು ಸಂಖ್ಯೆಯೇ ಹೊರತು ಐದು ಸಲವೂ ಒಂದೇ ಡ್ರೈವರ್ ಅಲ್ಲ. ಹೀಗಾಗಿ ರ್‍ಯಾಮ್ ಬದಲಿಸಿದರೂ ನಿಲ್ಲದ ಚೆದುರಿದ ಡಂಪುಗಳು ಎಸ್‌ಎಂಪಿಎಸ್ ಕಡೆ ಬೆರಳು ತೋರುತ್ತವೆ. ಒಂದೇ ಡ್ರೈವರಿನ ಹೆಸರು ಎಷ್ಟು ಮಾತಾಡಬಲ್ಲದು ಎಂಬುದು 2024ರ ಜುಲೈ 19ರಂದು ಜಗತ್ತಿಗೇ ಗೊತ್ತಾಯಿತು. ಅಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಡಂಪುಗಳಲ್ಲಿ ಕಂಡದ್ದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ `csagent.sys`. ಊರೂರಿನ ಕರೆಂಟನ್ನು ಬೈಯುವ ಅವಕಾಶ ಯಾರಿಗೂ ಉಳಿಯಲಿಲ್ಲ.

ಜಾಗದ ದೂರಿಗೆ ಬರೋಣ. 128 ಜಿಬಿ ಎಸ್‌ಎಸ್‌ಡಿ ಇರುವವರ ಸಂಕಟ ಸುಳ್ಳಲ್ಲ, ಆದರೆ ಬೈಯುವುದು ತಪ್ಪು ಫೈಲನ್ನು. `MEMORY.DMP` ಜಿಬಿಗಟ್ಟಲೆ ಇರಬಹುದು. ಆದರೆ ಸಾಮಾನ್ಯವಾಗಿ ಹೊಸದು ಹಳೆಯದರ ಮೇಲೆಯೇ ಬರೆಸಿಕೊಳ್ಳುವುದರಿಂದ ಇರುವುದು ಒಂದೇ. ಮನೆ, ಅಂಗಡಿಗಳ ಕಂಪ್ಯೂಟರಿನಲ್ಲಿ ಖಾಲಿ ಜಾಗ 25 ಜಿಬಿಗಿಂತ ಇಳಿದರೆ ವಿಂಡೋಸ್ ಅದನ್ನೂ ತಾನೇ ಅಳಿಸುತ್ತದೆ. ಮಿನಿಡಂಪುಗಳು ತೀರ ಚಿಕ್ಕವು, 50ಕ್ಕಿಂತ ಹೆಚ್ಚು ಉಳಿಸಿಕೊಳ್ಳುವುದೂ ಇಲ್ಲ. ಸದ್ದಿಲ್ಲದೆ ಬೆಳೆಯುವುದು `C:\Windows\LiveKernelReports`. ಪರದೆ ಕ್ಷಣ ಕಪ್ಪಾಗಿ ಮರಳಿ ಬಂದು, ಕಂಪ್ಯೂಟರ್ ಬೀಳದೆ ಸಾವರಿಸಿಕೊಂಡಾಗಲೂ ಇಲ್ಲಿ ದೊಡ್ಡ ಡಂಪ್ ಬೀಳಬಹುದು. ಜೊತೆಗೆ `C:\ProgramData\Microsoft\Windows\WER` ಒಳಗೆ ಕುಸಿತದ ವರದಿಗಳು, ಕಳಿಸಿದವು ಮತ್ತು ಕಳಿಸಲು ಕಾದವು. ಡಿಸ್ಕ್ ಕ್ಲೀನಪ್ ಇವುಗಳಲ್ಲಿ ಹಲವನ್ನು ತೆಗೆಯುತ್ತದೆ. ಅದಕ್ಕೂ ಮುಂಚೆ ಮಿನಿಡಂಪ್ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಲು ಅರ್ಧ ನಿಮಿಷ ಸಾಕು.

ಪರೀಕ್ಷೆಗೆಂದು ಕೊಡುವಾಗಲೂ ಮಿನಿಡಂಪನ್ನೇ ಕೊಡಬೇಕು. ದೊಡ್ಡ ಫೈಲು ಯಂತ್ರದ ನೆನಪಿನದೇ ನಕಲು. ಡಂಪಿನ ಬಗೆಯನ್ನು ಯಾರಾದರೂ Complete ಎಂದು ಬದಲಿಸಿದ್ದರೆ, ಆ ಗಳಿಗೆಯಲ್ಲಿ ತೆರೆದಿದ್ದ ಜಾತಿ ಪ್ರಮಾಣಪತ್ರದ ಅರ್ಜಿ, ಆಧಾರ್ ಸಂಖ್ಯೆ, ಟೈಪಿಸಿದ ಪಾಸ್‌ವರ್ಡ್ ಅದರೊಳಗೆ ಹಾಗೇ ಕೂತಿರಬಹುದು.